ಕೊಬ್ಬು ಶೇ 17.4, ಹೆಚ್ಚುಕಡಿಮೆ 3.4: ಅಂದಾಜಿನ ದೋಷವನ್ನು ಒಬ್ಬ ವ್ಯಕ್ತಿಗೆ ಅನ್ವಯಿಸುವುದು ಹೇಗೆ?

ಜಿಮ್‌ನಲ್ಲಿಯೋ ಕ್ರೀಡಾ ತರಬೇತಿ ಕೇಂದ್ರದಲ್ಲಿಯೋ ಕ್ಯಾಲಿಪರ್ ಹಿಡಿದು ಚರ್ಮದ ಮಡಿಕೆಗಳನ್ನು ಅಳೆದು, ಮೊಬೈಲಿನಲ್ಲಿ ಲೆಕ್ಕ ಹಾಕಿ, 'ನಿಮ್ಮ ದೇಹದ ಕೊಬ್ಬು ಶೇ 17.38' ಎಂದು ಹೇಳುತ್ತಾರೆ. ದಶಮಾಂಶದ ನಂತರ ಎರಡು ಅಂಕಿಗಳಿರುವುದರಿಂದ ಆ ಸಂಖ್ಯೆ ಬಹಳ ನಿಖರವಾಗಿ ಕಾಣುತ್ತದೆ. ಆದರೆ ಕೊಬ್ಬನ್ನು ಯಾರೂ ಅಳೆದಿಲ್ಲ. ಅಳೆದದ್ದು ಮಡಿಕೆಯ ದಪ್ಪವನ್ನು. ಕೊಬ್ಬಿನ ಪ್ರಮಾಣವನ್ನು ಒಂದು ಸಮೀಕರಣ ಊಹಿಸಿದೆ. ಆ ಊಹೆ ಎಷ್ಟು ತಪ್ಪಬಹುದು ಎಂಬುದನ್ನು ಸಮೀಕರಣ ರಚಿಸಿದವರೇ ಬರೆದಿಟ್ಟಿರುತ್ತಾರೆ. ಅದರ ಹೆಸರು 'ಅಂದಾಜಿನ ಪ್ರಮಾಣಿತ ದೋಷ'. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಎಸ್‌ಇಇ ಎನ್ನುತ್ತಾರೆ. ಫಲಿತಾಂಶದ ಚೀಟಿಯಲ್ಲಿ ಇದು ಕಾಣಿಸುವುದು ಅಪರೂಪ. ಇದನ್ನು ಹುಡುಕಿ, ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಉದಾಹರಣೆಗೆ ಪುರುಷರಿಗಾಗಿ ರಚಿಸಿದ, ಮೂರು ಮಡಿಕೆಗಳ ಜಾಕ್ಸನ್–ಪೊಲಾಕ್ ಸಮೀಕರಣವನ್ನು ತೆಗೆದುಕೊಳ್ಳೋಣ. 1978ರಲ್ಲಿ ಪ್ರಕಟವಾದ ಇದು ಇಂದಿಗೂ ಹಲವು ಆ್ಯಪ್‌ಗಳ ಒಳಗೆ ಕುಳಿತಿದೆ. ಮಹಿಳೆಯರ ಸಮೀಕರಣ ಬೇರೆ, ಮಡಿಕೆಯ ಜಾಗಗಳೂ ಬೇರೆ. ಆದರೆ ದೋಷವನ್ನು ಓದುವ ಕ್ರಮ ಒಂದೇ.

ಹಂತ 1: ಮೊದಲು ಸಂಖ್ಯೆಯನ್ನು ನೀವೇ ಲೆಕ್ಕ ಹಾಕಿ

ಮೂರು ಮಡಿಕೆಗಳನ್ನೂ ದೇಹದ ಬಲಭಾಗದಲ್ಲಿ ಅಳೆಯಬೇಕು. ಎದೆಯ ಮಡಿಕೆಯನ್ನು ಕಂಕುಳಿನ ಮುಂಭಾಗದ ಗೆರೆಗೂ ಮೊಲೆತೊಟ್ಟಿಗೂ ನಡುವೆ ಓರೆಯಾಗಿ ಹಿಡಿಯುತ್ತಾರೆ. ಹೊಟ್ಟೆಯದು ಹೊಕ್ಕುಳಿನಿಂದ ಸುಮಾರು 2 ಸೆಂಟಿಮೀಟರ್ ಪಕ್ಕಕ್ಕೆ, ನೇರವಾಗಿ. ತೊಡೆಯದು ತೊಡೆಸಂದಿಗೂ ಮಂಡಿಚಿಪ್ಪಿಗೂ ಮಧ್ಯದಲ್ಲಿ, ತೊಡೆಯ ಮುಂಭಾಗದಲ್ಲಿ ನೇರವಾಗಿ. ಬೆರಳುಗಳಿಂದ ಸುಮಾರು 1 ಸೆಂಟಿಮೀಟರ್ ದೂರದಲ್ಲಿ ಕ್ಯಾಲಿಪರ್ ಇಟ್ಟು, ಒಂದೆರಡು ಸೆಕೆಂಡಿನ ನಂತರ ಓದಬೇಕು.

ನಮ್ಮ ಉದಾಹರಣೆಯ ವ್ಯಕ್ತಿಗೆ 35 ವರ್ಷ, ತೂಕ 72 ಕೆಜಿ. ಎದೆ 14, ಹೊಟ್ಟೆ 24, ತೊಡೆ 18 ಮಿಲಿಮೀಟರ್ ಬಂದಿದೆ ಎಂದುಕೊಳ್ಳಿ. ಮೊತ್ತ 56. ಸಮೀಕರಣ ಮೊದಲು ದೇಹದ ಸಾಂದ್ರತೆಯನ್ನು ಕೊಡುತ್ತದೆ. ಆ ಸಾಂದ್ರತೆಯನ್ನು ಸಿರಿ ಎಂಬ ವಿಜ್ಞಾನಿಯ ಸೂತ್ರ ಕೊಬ್ಬಿನ ಶೇಕಡಾವಾರಿಗೆ ತಿರುಗಿಸುತ್ತದೆ. ಕೆಳಗಿನ ಸೂತ್ರದಲ್ಲಿ S ಎಂದರೆ ಮೂರು ಮಡಿಕೆಗಳ ಮೊತ್ತ, A ಎಂದರೆ ವಯಸ್ಸು, D ಎಂದರೆ ಸಾಂದ್ರತೆ, F ಎಂದರೆ ಕೊಬ್ಬಿನ ಶೇಕಡಾವಾರು.

```
D = 1.10938 - 0.0008267*S + 0.0000016*S^2 - 0.0002574*A
F = 495/D - 450

S = 56, A = 35  ->  D = 1.0591,  F = 17.4
```

ಹಂತ 2: ದೋಷದ ಸಂಖ್ಯೆಯನ್ನು ಹುಡುಕಿ, ಅದರ ಅಳತೆಮಾನ ಯಾವುದೆಂದು ನೋಡಿ

ಮೂಲ ಪ್ರಬಂಧದಲ್ಲಿ ಈ ಸಮೀಕರಣಕ್ಕೆ ಕೊಟ್ಟಿರುವ ಎಸ್‌ಇಇ 0.0077. ಇಷ್ಟು ಚಿಕ್ಕ ಸಂಖ್ಯೆಯನ್ನು ಕಂಡು ದೋಷವೇ ಇಲ್ಲವೆಂದು ಭಾವಿಸುವವರು ಇದ್ದಾರೆ. ಇದು ಸಾಂದ್ರತೆಯ ಅಳತೆಯಲ್ಲಿದೆ, ಅಂದರೆ ಒಂದು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ. ನಮಗೆ ಬೇಕಿರುವುದು ಕೊಬ್ಬಿನ ಶೇಕಡಾವಾರಿನಲ್ಲಿ. ಸಿರಿ ಸೂತ್ರದ ಪ್ರಕಾರ ಸಾಂದ್ರತೆ ಸ್ವಲ್ಪ ಬದಲಾದರೆ ಕೊಬ್ಬು ಎಷ್ಟು ಬದಲಾಗುತ್ತದೆ ಎಂಬುದಕ್ಕೆ 495ನ್ನು ಸಾಂದ್ರತೆಯ ವರ್ಗದಿಂದ ಭಾಗಿಸಿದರೆ ಸಾಕು:

```
495 / 1.0591^2 = 441
441 * 0.0077   = 3.4
```

ಹೀಗಾಗಿ 17.4, ಹೆಚ್ಚುಕಡಿಮೆ 3.4. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ 3.4 ಎಂಬುದು 17.4ರ ಶೇ 3.4 ಅಲ್ಲ. ಹಾಗಿದ್ದಿದ್ದರೆ ದೋಷ ಕೇವಲ 0.6 ಆಗುತ್ತಿತ್ತು. ಇದು ನೇರವಾಗಿ 17.4ಕ್ಕೆ ಕೂಡಿಸಿ ಕಳೆಯಬೇಕಾದ ಶೇಕಡಾ ಅಂಶ: ಕೆಳಗೆ 14.0, ಮೇಲೆ 20.8. ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ.

ಹಂತ 3: ಆ 3.4 ಎಲ್ಲಿಂದ ಬಂತೆಂದು ತಿಳಿಯಿರಿ

ಜಾಕ್ಸನ್ ಮತ್ತು ಪೊಲಾಕ್ 18ರಿಂದ 61 ವರ್ಷದ 308 ಅಮೆರಿಕನ್ ಪುರುಷರ ಮಡಿಕೆಗಳನ್ನು ಅಳೆದರು. ಅವರೆಲ್ಲರನ್ನೂ ನೀರಿನೊಳಗೆ ಮುಳುಗಿಸಿ ತೂಗಿ ಸಾಂದ್ರತೆಯನ್ನೂ ಕಂಡುಹಿಡಿದರು. ಮಡಿಕೆಯಿಂದ ಊಹಿಸಿದ ಸಾಂದ್ರತೆಗೂ ನೀರಿನಲ್ಲಿ ಸಿಕ್ಕ ಸಾಂದ್ರತೆಗೂ ಪ್ರತಿಯೊಬ್ಬನಲ್ಲೂ ಒಂದಿಷ್ಟು ಅಂತರವಿತ್ತು. ಕೆಲವರಲ್ಲಿ ಸಮೀಕರಣ ಹೆಚ್ಚು ಹೇಳಿತು, ಕೆಲವರಲ್ಲಿ ಕಡಿಮೆ. ಆ ಅಂತರಗಳ ಸಾಮಾನ್ಯ ಗಾತ್ರವೇ ಎಸ್‌ಇಇ. ಬಳಿಕ ಲೆಕ್ಕಕ್ಕೆ ಸೇರಿಸಿರದ ಬೇರೆ 95 ಪುರುಷರ ಮೇಲೂ ಸಮೀಕರಣವನ್ನು ಪರೀಕ್ಷಿಸಿದರು.

ಪ್ರಬಂಧದಲ್ಲಿ ಮಡಿಕೆಯ ಊಹೆಗೂ ನೀರಿನ ಅಳತೆಗೂ ನಡುವಿನ ಸಹಸಂಬಂಧ 0.905, ಅಂದರೆ ಸುಮಾರು 0.9, ಎಂದೂ ಇದೆ. ಮಾರಾಟದ ಮಾತುಗಳಲ್ಲಿ ಎದ್ದು ಕಾಣುವುದು ಇದೇ. ಆದರೆ 0.9 ಎಂದರೆ ಶೇ 90 ನಿಖರ ಎಂದಲ್ಲ. ಆ ಪುರುಷರ ಕೊಬ್ಬಿನ ಪ್ರಮಾಣ ತಮ್ಮತಮ್ಮಲ್ಲೇ ಹರಡಿಕೊಂಡಿದ್ದ ಪ್ರಮಾಣಿತ ವಿಚಲನೆ ಸುಮಾರು 8 ಅಂಶ. ದೋಷ ಆ ಹರಡುವಿಕೆಯ ಎಷ್ಟು ಭಾಗ ಎಂಬುದನ್ನು ಹೀಗೆ ಲೆಕ್ಕ ಹಾಕುತ್ತಾರೆ:

```
sqrt(1 - 0.905^2) = 0.425
8 * 0.425 = 3.4
```

ಬೇರೆ ಮಾತಿನಲ್ಲಿ, ಅಳೆಯದೆಯೇ ಪ್ರತಿಯೊಬ್ಬನಿಗೂ ಗುಂಪಿನ ಸರಾಸರಿಯನ್ನೇ ಹೇಳಿದ್ದರೆ ಸಾಮಾನ್ಯವಾಗಿ 8 ಅಂಶ ತಪ್ಪುತ್ತಿದ್ದೆವು. ಕ್ಯಾಲಿಪರ್ ಅದನ್ನು 3.4ಕ್ಕೆ ಇಳಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಅನಿಶ್ಚಿತತೆ ಹೋಗಿದೆ, ಹತ್ತರಲ್ಲಿ ನಾಲ್ಕು ಪಾಲು ಉಳಿದಿದೆ. ಇದು ಒಳ್ಳೆಯ ಸಮೀಕರಣವೇ. ಒಳ್ಳೆಯ ಸಮೀಕರಣವೂ ಇಷ್ಟು ತಪ್ಪುತ್ತದೆ ಎಂಬುದನ್ನು ಜನರಿಗೆ ಹೇಳದೇ ಇರುವುದು ಮಾತ್ರ ಸರಿಯಲ್ಲ.

ಒಂದೇ ಮೊತ್ತದ ಮಡಿಕೆಗಳಿರುವ ಇಬ್ಬರಲ್ಲಿ ಕೊಬ್ಬು ಬೇರೆ ಬೇರೆ ಇರುವುದು ಏಕೆ? ಚರ್ಮದಡಿಯ ಕೊಬ್ಬನ್ನಷ್ಟೇ ಕ್ಯಾಲಿಪರ್ ಹಿಡಿಯಬಲ್ಲದು. ಕರುಳಿನ ಸುತ್ತ ಮತ್ತು ಸ್ನಾಯುಗಳ ನಡುವೆ ಇರುವ ಕೊಬ್ಬು ಅದರ ಬಾಯಿಗೆ ಸಿಗುವುದಿಲ್ಲ, ಅದರ ಪಾಲು ಎಲ್ಲರಲ್ಲೂ ಒಂದೇ ಅಲ್ಲ. ಚರ್ಮ ಅದುಮಿದಾಗ ಕುಗ್ಗುವ ಬಗೆಯೂ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಇನ್ನು ಸಿರಿ ಸೂತ್ರ ಕೊಬ್ಬಿನ ಸಾಂದ್ರತೆ 0.9, ಉಳಿದ ದೇಹದ್ದು 1.1 ಎಂದು ಎಲ್ಲರಿಗೂ ಒಂದೇ ಲೆಕ್ಕ ಹಿಡಿಯುತ್ತದೆ. ಮೂಳೆ ಗಟ್ಟಿಯಾಗಿರುವವನಿಗೂ ವಯಸ್ಸಾಗಿ ಮೂಳೆ ಸವೆದವನಿಗೂ ಆ 1.1 ಒಂದೇ ಆಗಿರಲಾರದು. ಹಾಗಾಗಿ ನೀರಿನೊಳಗಿನ ತೂಕವನ್ನೂ ಕೊನೆಯ ಸತ್ಯವೆಂದು ಹೇಳುವಂತಿಲ್ಲ.

ಹಂತ 4: ವ್ಯಾಪ್ತಿಯನ್ನು ಎರಡು ಅಗಲದಲ್ಲಿ ಬರೆದುಕೊಳ್ಳಿ

ತಪ್ಪುಗಳು ಸರಾಸರಿಯ ಎರಡೂ ಬದಿಗೆ ಸಮನಾಗಿ, ಗಂಟೆಯಾಕಾರದ ರೇಖೆಯಲ್ಲಿ ಹರಡಿವೆ ಎಂದು ಹಿಡಿದರೆ, ಒಂದು ಎಸ್‌ಇಇ ಅಗಲದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಜನ ಬರುತ್ತಾರೆ. ಎರಡು ಎಸ್‌ಇಇ ಅಗಲದೊಳಗೆ ಇಪ್ಪತ್ತರಲ್ಲಿ ಹತ್ತೊಂಬತ್ತು ಜನ. ನಮ್ಮ ವ್ಯಕ್ತಿಗೆ ಮೊದಲನೆಯದು 14ರಿಂದ 21, ಎರಡನೆಯದು ಸುಮಾರು 11ರಿಂದ 24.

'ಹೆಚ್ಚುಕಡಿಮೆ 3.4' ಎಂದು ಓದಿದವರು ಅದನ್ನು ಗಡಿಯೆಂದು ತಿಳಿಯುವುದು ಸಹಜ. ಅದು ಗಡಿಯಲ್ಲ. ಮೂವರಲ್ಲಿ ಒಬ್ಬ ಅದರ ಹೊರಗಿರುತ್ತಾನೆ, ಆ ಒಬ್ಬ ಯಾರೆಂದು ಸಮೀಕರಣಕ್ಕೆ ಗೊತ್ತಾಗುವುದಿಲ್ಲ.

ಇದನ್ನು ಕಿಲೋಗ್ರಾಮಿಗೆ ತಿರುಗಿಸಿದರೆ ಅಗಲ ಕಣ್ಣಿಗೆ ಕಟ್ಟುತ್ತದೆ. 72 ಕೆಜಿಯಲ್ಲಿ ಶೇ 17.4 ಎಂದರೆ 12.5 ಕೆಜಿ ಕೊಬ್ಬು. ಅಗಲವಾದ ವ್ಯಾಪ್ತಿಯ ಕೆಳತುದಿಯಲ್ಲಿ ಅದು 7.6 ಕೆಜಿ, ಮೇಲ್ತುದಿಯಲ್ಲಿ 17.4 ಕೆಜಿ. ಒಂದೇ ದೇಹದ ಒಂದೇ ದಿನದ ಅಳತೆಯಲ್ಲಿ ಸುಮಾರು ಹತ್ತು ಕೆಜಿಯಷ್ಟು ಅಂತರಕ್ಕೆ ಜಾಗವಿದೆ.

ಹಂತ 5: ವ್ಯಾಪ್ತಿಯನ್ನು ಪಟ್ಟಿಯ ಮೇಲೆ ಇಟ್ಟು ನೋಡಿ

ಜಿಮ್ ಗೋಡೆಗಳ ಮೇಲೆ ಕಾಣುವ ಪಟ್ಟಿಗಳಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್ ಸಂಸ್ಥೆಯದು ಹೆಚ್ಚು ಪರಿಚಿತ. ಅದರ ಪ್ರಕಾರ ಪುರುಷರಲ್ಲಿ 6–13 ಕ್ರೀಡಾಪಟು, 14–17 ಫಿಟ್, 18–24 ಸಾಧಾರಣ, 25 ದಾಟಿದರೆ ಬೊಜ್ಜು. ನಮ್ಮ ವ್ಯಕ್ತಿಯ 11ರಿಂದ 24ರ ವ್ಯಾಪ್ತಿ ಮೊದಲ ಮೂರು ವರ್ಗಗಳ ಮೇಲೂ ಚಾಚಿಕೊಂಡಿದೆ. 17.4 ಇರುವುದರಿಂದ 'ಫಿಟ್' ಎಂದು ಚೀಟಿ ಬರೆದುಕೊಟ್ಟರೂ, ನಿಜವಾದ ಪ್ರಮಾಣ 18 ದಾಟಿರುವ ಸಾಧ್ಯತೆ ನೂರಕ್ಕೆ ಸುಮಾರು 43 ಇದೆ. ಇನ್ನು ಅದೇ ಜಿಮ್‌ನಲ್ಲಿ 16.9 ಬಂದವನು 18.2 ಬಂದವನಿಗಿಂತ ತೆಳ್ಳಗಿದ್ದಾನೆ ಎನ್ನಲು ಈ ಅಳತೆಯಲ್ಲಿ ಗಟ್ಟಿಯಾದ ಆಧಾರವಿಲ್ಲ.

ಹಾಗೆಂದು ಅಳತೆ ವ್ಯರ್ಥವೇ? ಖಂಡಿತ ಅಲ್ಲ. ಗಡಿ ದೂರವಿದ್ದಷ್ಟೂ ಉತ್ತರ ಗಟ್ಟಿಯಾಗುತ್ತದೆ. ಸಮೀಕರಣ ಈ ವ್ಯಕ್ತಿಗೆ ನಿಜಕ್ಕೂ ಒಪ್ಪುತ್ತದೆ ಎಂದಾದರೆ, ಇವನ ಕೊಬ್ಬು ಶೇ 25 ದಾಟಿರುವ ಸಾಧ್ಯತೆ ನೂರಕ್ಕೆ ಒಂದು ಚಿಲ್ಲರೆ ಮಾತ್ರ. 'ಫಿಟ್ ಹೌದೋ ಅಲ್ಲವೋ' ಎಂಬ ಪ್ರಶ್ನೆಗೆ ಈ ಅಳತೆ ಉತ್ತರಿಸಲಾರದು. 'ಬೊಜ್ಜು ಇದೆಯೇ' ಎಂಬುದಕ್ಕೆ 'ಬಹುತೇಕ ಇಲ್ಲ' ಎನ್ನಬಲ್ಲದು. ಪ್ರಶ್ನೆಯ ಗಡಿ ನಿಮ್ಮ ಸಂಖ್ಯೆಯಿಂದ ಎಷ್ಟು ಎಸ್‌ಇಇ ದೂರದಲ್ಲಿದೆ ಎಂದು ಎಣಿಸಿದರೆ, ಎಷ್ಟು ಧೈರ್ಯವಾಗಿ ಉತ್ತರಿಸಬಹುದೆಂದು ತಿಳಿಯುತ್ತದೆ.

ಹಂತ 6: 'ಸಮೀಕರಣ ನನಗೆ ಒಪ್ಪುತ್ತದೆಯೇ' ಎಂದು ಕೇಳಿಕೊಳ್ಳಿ

ಎಸ್‌ಇಇ ಎಂಬುದು ಆ 308 ಜನರಂಥವರಿಗೆ ಮಾತ್ರ ಕೊಟ್ಟ ಭರವಸೆ. ಬೇರೆ ಜನಸಮುದಾಯದಲ್ಲಿ ಎರಡು ಬಗೆಯ ತೊಂದರೆ ಬರಬಹುದು. ತಪ್ಪುಗಳ ಹರಡುವಿಕೆ ಇನ್ನಷ್ಟು ಅಗಲವಾಗಬಹುದು. ಅಥವಾ ಎಲ್ಲರ ಉತ್ತರವೂ ಒಂದೇ ದಿಕ್ಕಿಗೆ ವಾಲಬಹುದು. ಎರಡನೆಯದನ್ನು ಎಸ್‌ಇಇ ತೋರಿಸುವುದೇ ಇಲ್ಲ.

ಭಾರತೀಯ ಓದುಗರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕೆ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ ಸಾಕ್ಷಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ಇಟ್ಟರು. ಇಬ್ಬರ ಬಿಎಂಐ 22.3. ಕ್ಷ-ಕಿರಣ ಹಾಯಿಸಿ ಕೊಬ್ಬನ್ನು ಅಂದಾಜಿಸುವ ಡೆಕ್ಸಾ ಯಂತ್ರದಲ್ಲಿ ಅಳೆದಾಗ ಯುಡ್ಕಿನ್ ಅವರ ಕೊಬ್ಬು ಶೇ 9.1, ಯಾಜ್ಞಿಕ್ ಅವರದು ಶೇ 21.2.

ಈಗ ಬಿಎಂಐ ಮತ್ತು ವಯಸ್ಸಿನಿಂದಲೇ ಕೊಬ್ಬನ್ನು ಊಹಿಸುವ ಇನ್ನೊಂದು ಹೆಸರುವಾಸಿ ಸಮೀಕರಣವನ್ನು ನೋಡಿ. ನೆದರ್ಲೆಂಡ್ಸ್‌ನ ಡ್ಯೂರೆನ್‌ಬರ್ಗ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಇದರ ಎಸ್‌ಇಇ 4.1. ವಯಸ್ಸಿನ ಒಂದು ವರ್ಷಕ್ಕೆ ಇದು 0.23 ಅಂಶ ಸೇರಿಸುತ್ತದೆ. ಬಿಎಂಐ ಒಂದೇ ಆಗಿರುವ ಇಬ್ಬರು ಪುರುಷರ ನಡುವೆ 12.1 ಅಂಶದ ಅಂತರ ತೋರಿಸಲು ಅದಕ್ಕೆ ಐವತ್ತಕ್ಕೂ ಹೆಚ್ಚು ವರ್ಷಗಳ ವಯಸ್ಸಿನ ಅಂತರ ಬೇಕು! ಬಿಎಂಐ ಸಮೀಕರಣ ಈ ಇಬ್ಬರನ್ನು ಹೆಚ್ಚುಕಡಿಮೆ ಒಂದೇ ಮನುಷ್ಯನಂತೆ ಕಾಣುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿರುವ ಒಲವು. ಕೈಕಾಲು ಸಣ್ಣಗಿದ್ದು ಮುಂಡದಲ್ಲಿ ಕೊಬ್ಬು ಸೇರುವ ದೇಹರಚನೆ ಮಡಿಕೆ ಸಮೀಕರಣಗಳನ್ನೂ ದಾರಿ ತಪ್ಪಿಸಬಲ್ಲದು.

ನಮ್ಮ ವ್ಯಕ್ತಿಯ ಮಟ್ಟಿಗೆ ಇದರ ಪರಿಣಾಮವನ್ನು ಹೀಗೆ ಪರೀಕ್ಷಿಸಿ. ಸಮೀಕರಣ ಅವನಂಥವರಲ್ಲಿ 3 ಅಂಶ ಕಡಿಮೆ ಹೇಳುತ್ತದೆ ಎಂದು ಸುಮ್ಮನೆ ಊಹಿಸಿಕೊಳ್ಳಿ. ಆಗ ಮಧ್ಯದ ಸಂಖ್ಯೆ 20.4 ಆಗುತ್ತದೆ, ಶೇ 25 ದಾಟಿರುವ ಸಾಧ್ಯತೆ ನೂರಕ್ಕೆ ಒಂದರಿಂದ ಒಂಬತ್ತಕ್ಕೆ ಏರುತ್ತದೆ. ಹಿಂದಿನ ಹಂತದಲ್ಲಿ ಕೊಟ್ಟ 'ಬಹುತೇಕ ಇಲ್ಲ' ಎಂಬ ಉತ್ತರ ಈಗ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಸಕ್ಕರೆ ಕಾಯಿಲೆಯ ಅಪಾಯದ ಬಗ್ಗೆ ಯೋಚಿಸುವವರು ಈ ಕಾರಣಕ್ಕೇ ಕೊಬ್ಬಿನ ಶೇಕಡಾವಾರನ್ನು ನೆಚ್ಚಿಕೊಳ್ಳದೆ ಸೊಂಟದ ಸುತ್ತಳತೆಯನ್ನೂ ರಕ್ತಪರೀಕ್ಷೆಯನ್ನೂ ನೋಡಬೇಕು.

ನಿಮ್ಮ ಸಮೀಕರಣಕ್ಕೆ ನಿಮ್ಮಂಥ ಜನರಲ್ಲಿ ನಡೆಸಿದ ಪರೀಕ್ಷೆ ಸಿಕ್ಕರೆ, ಅದರಲ್ಲಿ ಎಸ್‌ಇಇಯನ್ನಲ್ಲ, 'ಒಟ್ಟು ದೋಷ'ವನ್ನು ಹುಡುಕಿ. ವಾಲಿಕೆ ಮತ್ತು ಹರಡುವಿಕೆ ಎರಡೂ ಅದರೊಳಗೆ ಸೇರಿರುತ್ತವೆ. ಎಸ್‌ಇಇ ಕಡಿಮೆಯಿದ್ದು ಒಟ್ಟು ದೋಷ ಹೆಚ್ಚಿದ್ದರೆ, ಸಮೀಕರಣ ಎಲ್ಲರಲ್ಲೂ ಒಂದೇ ಕಡೆಗೆ ತಪ್ಪುತ್ತಿದೆ ಎಂದರ್ಥ.

ಹಂತ 7: ಪದೇ ಪದೇ ಅಳೆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

'ಹತ್ತು ಸಲ ಅಳೆದು ಸರಾಸರಿ ತೆಗೆದರೆ ದೋಷ ಕಡಿಮೆಯಾಗುವುದಿಲ್ಲವೇ?' ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಅಳೆಯುವ ಕೈಯ ದೋಷ ಕಡಿಮೆಯಾಗುತ್ತದೆ, ಸಮೀಕರಣದ ದೋಷ ಹಾಗೆಯೇ ಉಳಿಯುತ್ತದೆ. ಯಾವುದು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಐದು ಜನರನ್ನು ಅರ್ಧ ಗಂಟೆಯ ಅಂತರದಲ್ಲಿ ಎರಡೆರಡು ಸಲ ಅಳೆಯಿರಿ. ಹತ್ತು ಹದಿನೈದು ಜನ ಸಿಕ್ಕರೆ ಇನ್ನೂ ಒಳ್ಳೆಯದು. ಎರಡನೆಯ ಸಲ ಅಳೆಯುವಾಗ ಮೊದಲಿನ ಚೀಟಿಯನ್ನು ನೋಡಬಾರದು. ಮೊತ್ತದಲ್ಲಿ ಬಂದ ವ್ಯತ್ಯಾಸಗಳು 3, 1, 4, 2, 3 ಮಿಲಿಮೀಟರ್ ಎಂದಿರಲಿ. ವರ್ಗಗಳನ್ನು ಕೂಡಿಸಿ, ಜನರ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಕೈಯ ದೋಷ ಸಿಗುತ್ತದೆ:

```
sqrt((9 + 1 + 16 + 4 + 9) / 10) = 2.0 mm
```

ನಮ್ಮ ವ್ಯಕ್ತಿಯಲ್ಲಿ ಮೊತ್ತ ಒಂದು ಮಿಲಿಮೀಟರ್ ಬದಲಾದರೆ ಕೊಬ್ಬು ಸುಮಾರು 0.29 ಅಂಶ ಬದಲಾಗುತ್ತದೆ. ಹಾಗಾಗಿ 2 ಮಿಲಿಮೀಟರ್ ಎಂದರೆ ಸುಮಾರು 0.6 ಅಂಶ. ದೋಷಗಳನ್ನು ವರ್ಗ ಮಾಡಿ ಕಳೆಯಬೇಕು. ಒಟ್ಟು 3.4ರಲ್ಲಿ ಇಂಥದೇ 0.6 ಸೇರಿಕೊಂಡಿತ್ತು ಎಂದು ಹಿಡಿದು ಅದನ್ನು ಪೂರ್ತಿ ತೆಗೆದುಹಾಕಿದರೂ ಉಳಿಯುವುದು 3.35. ದುಬಾರಿ ಕ್ಯಾಲಿಪರ್ ಕೊಂಡರೂ, ಇಪ್ಪತ್ತು ಸಲ ಅಳೆದರೂ ಒಂದು ದಿನದ ಉತ್ತರ ಅಷ್ಟೇ ಅಗಲವಾಗಿರುತ್ತದೆ.

ಹಂತ 8: ಬದಲಾವಣೆಯನ್ನು ಬೇರೆ ಅಳತೆಗೋಲಿನಿಂದ ನೋಡಿ

ಮೂರು ತಿಂಗಳ ನಂತರ ಅದೇ ವ್ಯಕ್ತಿಯ ಮಡಿಕೆಗಳ ಮೊತ್ತ 56ರಿಂದ 48ಕ್ಕೆ ಇಳಿಯಿತು ಎನ್ನೋಣ. ಸಮೀಕರಣದ ಪ್ರಕಾರ ಕೊಬ್ಬು 17.4ರಿಂದ 15.1ಕ್ಕೆ ಬಂದಿದೆ. ಇಳಿಕೆ 2.3, ಎಸ್‌ಇಇ 3.4. 'ದೋಷಕ್ಕಿಂತ ಕಡಿಮೆ, ಆದ್ದರಿಂದ ಏನೂ ಬದಲಾಗಿಲ್ಲ' ಎಂದು ತೀರ್ಪು ಕೊಡುವವರಿದ್ದಾರೆ. ಈ ತೀರ್ಪು ತಪ್ಪು, ಮೂರು ತಿಂಗಳು ಬೆವರು ಹರಿಸಿದವನಿಗೆ ಅನ್ಯಾಯವೂ ಹೌದು.

ಎಸ್‌ಇಇ ಹೇಳುವುದು ಜನರಿಂದ ಜನರಿಗೆ ಇರುವ ತಪ್ಪನ್ನು. ಒಬ್ಬನ ಒಳಕೊಬ್ಬಿನ ಪಾಲು, ಮೂಳೆಯ ಗಟ್ಟಿತನ, ಚರ್ಮದ ಗುಣ ಮೂರು ತಿಂಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಅವನ ವಿಷಯದಲ್ಲಿ ಸಮೀಕರಣ ಮೊದಲು ಎಷ್ಟು ತಪ್ಪಿತ್ತೋ ಈಗಲೂ ಬಹುಮಟ್ಟಿಗೆ ಅಷ್ಟೇ, ಅದೇ ದಿಕ್ಕಿಗೆ ತಪ್ಪಿರುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಅಂಟಿಕೊಂಡಿದ್ದರೂ ಎರಡು ತೂಕಗಳ ವ್ಯತ್ಯಾಸ ಸರಿಯಾಗಿಯೇ ಸಿಗುವಂತೆ, ಇಲ್ಲಿಯೂ ಕಳೆದಾಗ ಆ ತಪ್ಪಿನ ಹೆಚ್ಚಿನ ಪಾಲು ಹೋಗಿಬಿಡುತ್ತದೆ. ಉಳಿಯುವುದು ಕೈಯ ದೋಷ. ಎರಡು ಅಳತೆಗಳಲ್ಲೂ ಅದು ಸೇರುವುದರಿಂದ, ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಭರವಸೆಯ ಗಡಿಗೆ ಅದನ್ನು 2.77ರಿಂದ ಗುಣಿಸಬೇಕು: 2.0ಕ್ಕೆ ಅದು 5.5 ಮಿಲಿಮೀಟರ್. ಇಳಿಕೆ 8 ಮಿಲಿಮೀಟರ್ ಇದೆ, ಗಡಿಯನ್ನು ದಾಟಿದೆ. ಮಡಿಕೆಗಳು ನಿಜವಾಗಿಯೂ ತೆಳುವಾಗಿವೆ.

ಗಮನಿಸಿ, ಗಟ್ಟಿಯಾಗಿ ಹೇಳಬಹುದಾದದ್ದು ಮಡಿಕೆ ತೆಳುವಾಗಿದೆ ಎಂಬುದನ್ನು. ಕೊಬ್ಬು ಸರಿಯಾಗಿ 2.3 ಅಂಶವೇ ಇಳಿದಿದೆ ಎಂದು ಹೇಳಲು ಬರುವುದಿಲ್ಲ. ಅದೇ ಕಾರಣಕ್ಕೆ ತಿಂಗಳಿಂದ ತಿಂಗಳಿಗೆ ಹೋಲಿಸುವಾಗ ಶೇಕಡಾವಾರನ್ನು ಬಿಟ್ಟು ಮಿಲಿಮೀಟರ್ ಮೊತ್ತವನ್ನೇ ಬರೆದಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ, ಅದೇ ಕೈ, ಅದೇ ಕ್ಯಾಲಿಪರ್ ಇರಬೇಕು. ಮೂಲ ಅಧ್ಯಯನದಲ್ಲಿ ಬಳಸಿದ್ದು ಲ್ಯಾಂಗ್ ಕ್ಯಾಲಿಪರ್. ಹಾರ್ಪೆಂಡನ್ ಕ್ಯಾಲಿಪರ್ ಅದಕ್ಕಿಂತ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಒಂದು ತಿಂಗಳು ಅದು, ಇನ್ನೊಂದು ತಿಂಗಳು ಇದು ಎಂದು ಬದಲಾಯಿಸಿದರೆ ಇಲ್ಲದ ಇಳಿಕೆ ಕಾಣಿಸಿಬಿಡುತ್ತದೆ. ಅಳೆಯುವವರು ಬದಲಾದರೂ ಅಷ್ಟೇ, 5.5ರ ಗಡಿ ಮತ್ತೆ ಅನ್ವಯಿಸುವುದಿಲ್ಲ. ತೂಕ ಇಪ್ಪತ್ತು, ಇಪ್ಪತ್ತೈದು ಕೆಜಿ ಇಳಿದು ಚರ್ಮ ಸಡಿಲವಾಗಿದ್ದರೆ, ಸಮೀಕರಣದ ತಪ್ಪು ಮೊದಲಿನಷ್ಟೇ ಇದೆ ಎಂಬ ಊಹೆಯೂ ಬೀಳುತ್ತದೆ. ಅಂಥವರ ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಕಳೆಯಬಾರದು.

ಚೀಟಿಯಲ್ಲಿ ಹೀಗೆ ಬರೆಯಿರಿ: 'ಮಡಿಕೆಗಳ ಮೊತ್ತ 56 ಮಿಲಿಮೀಟರ್, ಲ್ಯಾಂಗ್ ಕ್ಯಾಲಿಪರ್, ಕೈಯ ದೋಷ 2 ಮಿಲಿಮೀಟರ್. ಕೊಬ್ಬು ಸುಮಾರು ಶೇ 17. ಮೂರರಲ್ಲಿ ಎರಡು ಸಾಧ್ಯತೆಯಲ್ಲಿ 14ರಿಂದ 21, ಇಪ್ಪತ್ತರಲ್ಲಿ ಹತ್ತೊಂಬತ್ತು ಸಾಧ್ಯತೆಯಲ್ಲಿ 11ರಿಂದ 24. ಸಮೀಕರಣ: ಜಾಕ್ಸನ್–ಪೊಲಾಕ್, ಅಮೆರಿಕನ್ ಪುರುಷರಿಂದ.'